ಹತ್ತನೇ ತಾರೀಖಿನ ಜ್ವರ

ರಜಾ ಅರ್ಜಿ ಬರೆಯುವುದನ್ನು ನಮಗೆಲ್ಲ ಶಾಲೆಯಲ್ಲೇ ಕಲಿಸಿದ್ದಾರೆ. ಮೇಲೆ ‘ಇಂದ’, ಅದರ ಕೆಳಗೆ ‘ಗೆ’, ‘ಮಾನ್ಯರೆ’, ಅಡಿಗೆರೆ ಎಳೆದ ‘ವಿಷಯ’, ಆಮೇಲೆ ‘ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಒಂದೇ ಉಸಿರಿನಲ್ಲಿ ಓಡುವ ವಾಕ್ಯ. ನನಗೆ ತೀವ್ರ ಜ್ವರವಿದೆ, ದಯಮಾಡಿ ಎರಡು ದಿನ ರಜೆ ಕೊಡಿ, ವಂದನೆಗಳೊಂದಿಗೆ. ಐದನೇ ತರಗತಿಯ ಹುಡುಗ ಎರಡು ದಿನ ಬಾರದಿದ್ದರೆ ಶಾಲೆಯಲ್ಲಿ ಏನೂ ನಿಲ್ಲುವುದಿಲ್ಲ. ಹಾಗಾಗಿ ಆ ಅರ್ಜಿಯಲ್ಲಿ ಕೆಲಸದ ಮಾತೇ ಇಲ್ಲ.

ತಮಾಷೆಯೆಂದರೆ, ಇಪ್ಪತ್ತು ವರ್ಷ ನೌಕರಿ ಮಾಡಿದವರೂ ಮ್ಯಾನೇಜರರಿಗೆ ಕಳಿಸುವ ಮೇಲ್ ಅದೇ ಅರ್ಜಿಯ ಮೊಮ್ಮಗ. ಜ್ವರದ ವರ್ಣನೆ ಮೂರು ಸಾಲು, ಕ್ಷಮೆ ಎರಡು ಸಾಲು, ಕೊನೆಗೆ ‘ತುರ್ತಿದ್ದರೆ ಫೋನ್ ಮಾಡಿ’. ಓದಿದ ಮ್ಯಾನೇಜರ್ ಮಾಡುವುದೂ ಅದನ್ನೇ. ಬೆಳಗಿನಿಂದ ಸಂಜೆಯೊಳಗೆ ಏಳೆಂಟು ಸಲ ಫೋನ್ ಮಾಡುತ್ತಾರೆ.

ಹಾಗಾದರೆ ಆ ಮೇಲಿನಲ್ಲಿ ಏನಿರಬೇಕು? ಪೂರ್ವಸಿದ್ಧ ನಮೂನೆ ಕೊಡುವುದು ಸುಲಭ, ಆದರೆ ಅದರಿಂದ ಪ್ರಯೋಜನ ಕಡಿಮೆ. ನನಗೆ ಒಳಹೊರಗು ಗೊತ್ತಿರುವುದು ಲೆಕ್ಕಪತ್ರದ ಮೇಜು. ಅದನ್ನೇ ಎತ್ತಿಕೊಳ್ಳುತ್ತೇನೆ. ಲೆಕ್ಕದವರ ಜ್ವರಕ್ಕೆ ಒಂದು ವಿಶೇಷವಿದೆ: ತಿಂಗಳ 25ಕ್ಕೆ ಬಂದರೆ ಯಾರಿಗೂ ಗೊತ್ತಾಗುವುದಿಲ್ಲ, 10ಕ್ಕೆ ಬಂದರೆ ಇಡೀ ಕಾರ್ಖಾನೆಗೆ ಬರುತ್ತದೆ.

ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ಘಟಕ ಎಂದಿಟ್ಟುಕೊಳ್ಳಿ. ಲೇತ್‌ನಲ್ಲಿ ಬಿಡಿಭಾಗ ಕಡೆದು ಹೊಸೂರು, ಕೊಯಮತ್ತೂರಿನ ದೊಡ್ಡ ಕಂಪನಿಗಳಿಗೆ ಕಳಿಸುವ ಪಾಲುದಾರಿಕೆ ಸಂಸ್ಥೆ. 24 ಜನ ಕೆಲಸಗಾರರು. ವರ್ಷದ ವಹಿವಾಟು 5 ಕೋಟಿಗಿಂತ ಕಡಿಮೆಯಾದ್ದರಿಂದ ಇ-ಇನ್‌ವಾಯ್ಸ್ ಕಡ್ಡಾಯವಿಲ್ಲ. ಮೂರು ತಿಂಗಳಿಗೊಮ್ಮೆ ರಿಟರ್ನ್ಸ್ ಸಲ್ಲಿಸುವ ಅವಕಾಶವಿದ್ದರೂ, ಗಿರಾಕಿಗಳ ಒತ್ತಾಯಕ್ಕೆ ಪ್ರತಿ ತಿಂಗಳೂ ಸಲ್ಲಿಸುತ್ತಾರೆ. ಲೆಕ್ಕ ನೋಡುವಾಕೆ ಸವಿತಾ, ಬಿಲ್ಲಿಂಗ್ ಮಾಡುವ ಹುಡುಗ ಮಂಜು. ಹೆಸರು, ಘಟಕ ಎರಡೂ ಉದಾಹರಣೆಗೆ ಕಟ್ಟಿಕೊಂಡವು. ತಾರೀಖುಗಳು ಮಾತ್ರ ಸರಕಾರದ್ದು, ಅವನ್ನು ನಾವು ಬದಲಿಸುವಂತಿಲ್ಲ.

ಸೆಪ್ಟೆಂಬರ್ 8, ಸೋಮವಾರ ರಾತ್ರಿ ಸವಿತಾಗೆ ಚಳಿಜ್ವರ. ಮಂಗಳವಾರ ಸಂಜೆ ರಕ್ತ ಪರೀಕ್ಷೆ, ಡೆಂಗಿ. ಬುಧವಾರ 10ನೇ ತಾರೀಖು ಬೆಳಿಗ್ಗೆ ಏಳಕ್ಕೆ ಹಾಸಿಗೆಯಲ್ಲೇ ಮೊಬೈಲ್ ಹಿಡಿದು ಆಕೆ ಬರೆದದ್ದು ಇದು:

“ಸರ್, ನಮಸ್ಕಾರ. ಸೋಮವಾರ ರಾತ್ರಿಯಿಂದ ವಿಪರೀತ ಜ್ವರ, ಮೈಕೈ ನೋವು, ಕಣ್ಣಿನ ಹಿಂದೆ ನೋವು ಇತ್ತು. ನಿನ್ನೆ ಟೆಸ್ಟ್ ಮಾಡಿಸಿದೆವು, ಡೆಂಗಿ ಬಂದಿದೆ. ಡಾಕ್ಟರ್ ವಿಶ್ರಾಂತಿ ಹೇಳಿದ್ದಾರೆ. ಆದ್ದರಿಂದ ಈ ವಾರ ಬರಲಾಗುವುದಿಲ್ಲ, ದಯವಿಟ್ಟು ಕ್ಷಮಿಸಿ. ಜಿಎಸ್‌ಟಿ ಕೆಲಸ ಬಹುತೇಕ ಮುಗಿದಿದೆ, ಸ್ವಲ್ಪ ಬಾಕಿ ಇದೆ, ಮಂಜು ನೋಡಿಕೊಳ್ಳುತ್ತಾನೆ. ತುರ್ತಿದ್ದರೆ ಫೋನ್ ಮಾಡಿ.”

ಇದರಲ್ಲಿ ಸುಳ್ಳಿಲ್ಲ, ಸೌಜನ್ಯಕ್ಕೂ ಕೊರತೆಯಿಲ್ಲ. ಆದರೆ ‘ಬಹುತೇಕ’, ‘ಸ್ವಲ್ಪ’, ‘ನೋಡಿಕೊಳ್ಳುತ್ತಾನೆ’ ಎಂಬ ಮೂರು ಮಾತುಗಳು ಮ್ಯಾನೇಜರರ ಹೊಟ್ಟೆಯಲ್ಲಿ ಕಲ್ಲು ಹಾಕಿದಂತೆ. ಯಾವುದು ಮುಗಿದಿದೆ, ಯಾವುದು ಬಾಕಿ ಎಂದು ತಿಳಿಯುವುದಿಲ್ಲ. ಮಂಜುವನ್ನು ಕರೆದು ಕೇಳಿದರೆ ಆತ ‘ನಂಗೇನೂ ಹೇಳಿಲ್ಲ ಸರ್’ ಅನ್ನುತ್ತಾನೆ.

ನಮ್ಮ ಭಾಷೆಯಲ್ಲಿ ಒಪ್ಪಿಸುವುದು ಬೇರೆ, ಒಪ್ಪಿಕೊಳ್ಳುವುದು ಬೇರೆ. ಮೇಲಿನಲ್ಲಿ ಹೆಸರು ಬರೆದ ಮಾತ್ರಕ್ಕೆ ಕೆಲಸ ಒಪ್ಪಿಸಿದಂತಾಗುವುದಿಲ್ಲ. ಅತ್ತ ಕಡೆಯವನು ‘ಆಯ್ತು’ ಅಂದಿರಬೇಕು. ಆದ್ದರಿಂದ ಮೇಲಿಗಿಂತ ಮೊದಲು ಒಂದು ಫೋನ್. ಐದು ನಿಮಿಷ ಸಾಕು.

“ಮಂಜು, ನಂಗೆ ಡೆಂಗಿ ಕಣೋ. ನಾಳೆ ಆರ್-1 ನೀನೇ ಹಾಕ್ಬೇಕು.”

“ಅಯ್ಯೋ, ಹುಷಾರು ಅಕ್ಕ. ಹಾಕ್ತೀನಿ ಬಿಡಿ. ಆದ್ರೆ ಹೊಸೂರಿನವರ ರಿಜೆಕ್ಷನ್ ಇತ್ತಲ್ಲ, ಅದರ ಕ್ರೆಡಿಟ್ ನೋಟ್ ಏನ್ಮಾಡ್ಲಿ?”

ಈ ಫೋನಿನ ಲಾಭವೇ ಅವನ ಈ ಪ್ರಶ್ನೆ. ಕೆಲಸ ಮಾಡಬೇಕಾದವನು ಮೊದಲು ಕೇಳುವ ಪ್ರಶ್ನೆಯೇ ಮೇಲಿನಲ್ಲಿ ಉತ್ತರ ಬರೆಯಬೇಕಾದ ಜಾಗ. ಜ್ವರದ ತಲೆಗೆ ಅದು ತಾನಾಗಿ ಹೊಳೆಯುವುದಿಲ್ಲ. ಕ್ರೆಡಿಟ್ ನೋಟಿನ ಕತೆಗೆ ಆಮೇಲೆ ಬರುತ್ತೇನೆ.

ಮೊದಲು ಆಕೆಯ ಮೇಜಿನ ಮೇಲೆ ಆ ದಿನ ಏನೇನಿದೆ ನೋಡೋಣ. ಆಗಸ್ಟ್ ತಿಂಗಳ ಮಾರಾಟದ ವಿವರವಾದ ಜಿಎಸ್‌ಟಿಆರ್-1 ಸೆಪ್ಟೆಂಬರ್ 11ರೊಳಗೆ ಹೋಗಬೇಕು, ಅಂದರೆ ನಾಳೆ. 12ಕ್ಕೆ ಕೊಯಮತ್ತೂರಿಗೆ ಒಂದು ಲೋಡ್ ಇದೆ, ಅದಕ್ಕೆ ಇ-ವೇ ಬಿಲ್ ಬೇಕು. ಪಿಎಫ್ ಮತ್ತು ಇಎಸ್‌ಐ ಹಣ 15ರೊಳಗೆ. ತೆರಿಗೆ ಕಟ್ಟಿ ಸಲ್ಲಿಸುವ ಜಿಎಸ್‌ಟಿಆರ್-3ಬಿ 20ಕ್ಕೆ. ಇದಲ್ಲದೆ ಕಚ್ಚಾ ಉಕ್ಕು ಕೊಟ್ಟವರ 86,400 ರೂಪಾಯಿಯ ಬಿಲ್ ಒಂದು ದರದ ತಕರಾರಿನಲ್ಲಿ ನಿಂತಿದೆ.

ಇವು ಐದೂ ಒಂದೇ ತೂಕದವಲ್ಲ. 20ರ ಕೆಲಸವನ್ನು ಇವತ್ತು ವಿವರಿಸಿ ಬರೆಯುವುದು ದಂಡ. ಏಕೆಂದರೆ ಅದಕ್ಕೆ ಬೇಕಾದ ಖರೀದಿ ಕಡೆಯ ಪಟ್ಟಿ, ಜಿಎಸ್‌ಟಿಆರ್-2ಬಿ, ತಯಾರಾಗುವುದೇ 14ಕ್ಕೆ. ನಿಜವಾಗಿ ಕುತ್ತಿಗೆಗೆ ಬಂದಿರುವುದು ನಾಳೆಯದು ಒಂದೇ.

ಒಂದು ದಿನ ತಡವಾದರೆ ಏನಾಗುತ್ತದೆ? ತಡವಾದ ಶುಲ್ಕ ದಿನಕ್ಕೆ 50 ರೂಪಾಯಿ. ಅಷ್ಟೇನಾ ಎಂದು ಮಾಲೀಕರು ನಕ್ಕುಬಿಡಬಹುದು. ನೋವು ಇರುವುದು ಬೇರೆ ಕಡೆ. ಸವಿತಾ ಸಲ್ಲಿಸುವ ಜಿಎಸ್‌ಟಿಆರ್-1ರ ಬಿಲ್ಲುಗಳೇ 14ರಂದು ಗಿರಾಕಿಯ 2ಬಿ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದು. ಗಿರಾಕಿಗೆ ಆಗಸ್ಟಿನಲ್ಲಿ 5 ಲಕ್ಷದ ಮಾಲು ಹೋಗಿದೆ ಎನ್ನಿ. ಅದರ ಮೇಲೆ ಶೇ 18ರಂತೆ 90,000 ರೂಪಾಯಿ ತೆರಿಗೆ. ಬಿಲ್ಲು ಪಟ್ಟಿಯಲ್ಲಿ ಇದ್ದರೆ ಅಷ್ಟು ಹಣವನ್ನು ಅವರು ತಮ್ಮ ತೆರಿಗೆಯಿಂದ ಕಳೆದುಕೊಳ್ಳುತ್ತಾರೆ. ಇಲ್ಲದಿದ್ದರೆ ಆ 90,000 ಅವರ ಕೈಯಿಂದ ಹೋಗುತ್ತದೆ, ಮುಂದಿನ ತಿಂಗಳವರೆಗೆ ಕಾಯಬೇಕು. ದೊಡ್ಡ ಕಂಪನಿಯ ಖರೀದಿ ವಿಭಾಗ ಇಂಥದಕ್ಕೆ ಮುಲಾಜು ನೋಡುವುದಿಲ್ಲ, ನಿಮ್ಮ ಪೇಮೆಂಟ್ ತಡೆದು ಕೂರುತ್ತದೆ. ಒಬ್ಬರ ಜ್ವರಕ್ಕೆ 24 ಜನರ ಸಂಬಳದ ಹಣ ಸಿಕ್ಕಿಹಾಕಿಕೊಳ್ಳುವುದು ಹೀಗೆ.

ಈಗ ಕ್ರೆಡಿಟ್ ನೋಟ್. ಹೊಸೂರಿನ ಗಿರಾಕಿ ಅಳತೆ ಸರಿಯಿಲ್ಲವೆಂದು ಕೆಲವು ಬಿಡಿಭಾಗ ವಾಪಸ್ ಕಳಿಸಿದ್ದಾರೆ. ಅವರ ಕಾಗದದಲ್ಲಿ 120 ಎಂದಿದೆ, ನಮ್ಮ ಸ್ಟೋರ್ಸ್‌ನವರು ಎಣಿಸಿದರೆ 112. ಸರಿಯಾದ ಲೆಕ್ಕ ಬಂದ ಮೇಲೆ ಅಷ್ಟಕ್ಕೆ ಕ್ರೆಡಿಟ್ ನೋಟ್ ಕೊಟ್ಟು ಜಿಎಸ್‌ಟಿಆರ್-1ರಲ್ಲಿ ತೋರಿಸಬೇಕು. ಲೆಕ್ಕ ನಾಳೆಯೊಳಗೆ ಬಾರದಿದ್ದರೆ? ಸವಿತಾಗೆ ಇದರ ಉತ್ತರ ನಿದ್ದೆಯಲ್ಲೂ ಗೊತ್ತು: ಕ್ರೆಡಿಟ್ ನೋಟನ್ನು ಮುಂದಿನ ತಿಂಗಳಲ್ಲೂ ತೋರಿಸಬಹುದು, ಅದಕ್ಕಾಗಿ ರಿಟರ್ನ್ಸ್ ನಿಲ್ಲಿಸಬೇಕಾಗಿಲ್ಲ. ಮಂಜುಗೆ ಗೊತ್ತಿಲ್ಲ. ಆತ 11ರ ರಾತ್ರಿಯವರೆಗೆ ಸ್ಟೋರ್ಸ್ ಮುಂದೆ ನಿಂತಿರುತ್ತಾನೆ, ಇಲ್ಲವೇ ಧೈರ್ಯ ಮಾಡಿ 120 ಎಂದು ಹಾಕಿಬಿಡುತ್ತಾನೆ. ಎರಡನೆಯದು ಹೆಚ್ಚು ಅಪಾಯ. ಪೋರ್ಟಲ್‌ನಲ್ಲಿ ಸೇವ್ ಮಾಡಿದ್ದನ್ನು ಎಷ್ಟು ಸಲ ಬೇಕಾದರೂ ತಿದ್ದಬಹುದು, ಫೈಲ್ ಮಾಡಿದ ಮೇಲೆ ಆ ರಿಟರ್ನ್ ಬೀಗ ಬಿದ್ದ ಹಾಗೆ. ಆಮೇಲೆ ತಿದ್ದಬೇಕೆಂದರೆ 3ಬಿ ಸಲ್ಲಿಸುವ ಮೊದಲು ಜಿಎಸ್‌ಟಿಆರ್-1ಎ ಎಂಬ ಬೇರೆ ನಮೂನೆ, ಇಲ್ಲವೇ ಮುಂದಿನ ತಿಂಗಳ ತಿದ್ದುಪಡಿ.

ಹಾಗಾಗಿ ಒಪ್ಪಿಸುವ ಮೇಲಿನಲ್ಲಿ ‘ಕ್ರೆಡಿಟ್ ನೋಟ್ ಬಾಕಿ ಇದೆ’ ಎಂದು ಬರೆದರೆ ಅರ್ಧ ಬರೆದಂತೆ. ‘ನಾಲ್ಕು ಗಂಟೆಯೊಳಗೆ ಲೆಕ್ಕ ಬಾರದಿದ್ದರೆ ಬಿಟ್ಟು ಫೈಲ್ ಮಾಡು’ ಎಂದರೆ ಪೂರ್ತಿ. ಬಾಕಿಯ ಜತೆಗೆ, ಉತ್ತರ ಸಿಗದಿದ್ದರೆ ಏನು ಮಾಡಬೇಕು ಎಂಬ ತೀರ್ಮಾನವನ್ನೂ ಕೊಟ್ಟುಬಿಡಬೇಕು. ಹುಷಾರಿಲ್ಲದವರಿಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಕೆಲಸ ಗೊತ್ತಿಲ್ಲದೆ ಬಂದವಲ್ಲ, ತೀರ್ಮಾನ ಯಾರದ್ದು ಎಂದು ಗೊತ್ತಿಲ್ಲದೆ ಬಂದವು.

ಇಷ್ಟೆಲ್ಲ ಮಾಡಿಯೂ ನಾಳೆಯ ಕೆಲಸ ನಿಂತುಹೋಗುವ ಒಂದು ಜಾಗವಿದೆ. ಅದು ನನ್ನದೇ ಅನುಭವ. ಹಲವು ವರ್ಷಗಳ ಹಿಂದೆ ನಾನು ಒಂದು ಸಣ್ಣ ಸಂಸ್ಥೆಯ ಲೆಕ್ಕ ನೋಡುತ್ತಿದ್ದಾಗ ಹೊಟ್ಟೆನೋವೆಂದು ಹೋದವನನ್ನು ಆಸ್ಪತ್ರೆಯಲ್ಲಿ ಇಟ್ಟುಕೊಂಡು ಅಪೆಂಡಿಕ್ಸ್ ತೆಗೆದರು. ಕೆಲಸವನ್ನೆಲ್ಲ ಚೆನ್ನಾಗಿಯೇ ಒಪ್ಪಿಸಿದ್ದೆ. ಬಿಲ್ಲು, ಮೊತ್ತ, ಪಾಸ್‌ವರ್ಡ್ ಎಲ್ಲ ಸಹೋದ್ಯೋಗಿಯ ಕೈಯಲ್ಲಿತ್ತು. ಆತ ಕೊನೆಯ ಗುಂಡಿ ಒತ್ತಿದಾಗ ಒಟಿಪಿ ಬಂದದ್ದು ನನ್ನ ಮೊಬೈಲಿಗೆ. ಅದು ಸ್ವಿಚ್ ಆಫ್ ಆಗಿ ನನ್ನ ಹೆಂಡತಿಯ ಕೈಚೀಲದಲ್ಲಿತ್ತು. ಜಿಎಸ್‌ಟಿ ನೋಂದಣಿ ಮಾಡುವಾಗ ‘ನಿಮ್ಮ ನಂಬರೇ ಹಾಕಿಬಿಡಿ, ನೀವೇ ತಾನೆ ನೋಡೋದು’ ಎಂದು ಮಾಲೀಕರು ಹೇಳಿದ್ದರು. ನಾನೂ ಹಾಕಿದ್ದೆ. ಆಗ ಅದು ನನ್ನ ಮೇಲಿನ ನಂಬಿಕೆ ಅನ್ನಿಸಿ ಹೆಮ್ಮೆಯೂ ಆಗಿತ್ತು.

ಪಾಲುದಾರಿಕೆ ಅಥವಾ ಸ್ವಂತ ಮಾಲೀಕತ್ವದ ಸಂಸ್ಥೆಗಳು ರಿಟರ್ನ್ಸ್ ಸಲ್ಲಿಸುವಾಗ ಒಟಿಪಿ ಬಳಸಬಹುದು. ಅದು ಹೋಗುವುದು ನೋಂದಣಿಯಲ್ಲಿ ಅಧಿಕೃತ ಸಹಿದಾರರೆಂದು ತೋರಿಸಿದವರ ಫೋನು ಮತ್ತು ಇಮೇಲಿಗೆ. ಕಂಪನಿಗಳಾದರೆ ಡಿಜಿಟಲ್ ಸಹಿ ಕಡ್ಡಾಯ. ಅದು ಪೆನ್‌ಡ್ರೈವ್‌ನಂಥ ಒಂದು ಟೋಕನ್ನಿನಲ್ಲಿರುತ್ತದೆ. ಆ ಟೋಕನ್ ಲೆಕ್ಕದವರ ಮೇಜಿನ ಖಾನೆಯಲ್ಲಿ, ಖಾನೆಯ ಕೀಲಿ ಅವರ ಮನೆಯಲ್ಲಿ! ಆದ್ದರಿಂದ ಮೇಲಿನಲ್ಲಿ ‘ಒಟಿಪಿ ಯಾರಿಗೆ ಬರುತ್ತದೆ’ ಅಥವಾ ‘ಟೋಕನ್ ಎಲ್ಲಿದೆ’ ಎಂಬ ಒಂದು ಸಾಲು ಬೇಕೇ ಬೇಕು. ಪಾಸ್‌ವರ್ಡ್ ಮಾತ್ರ ಮೇಲಿನಲ್ಲಿ ಬರೆಯಬೇಡಿ. ಮೇಲ್ ಹತ್ತು ಜನರಿಗೆ ಫಾರ್ವರ್ಡ್ ಆಗುತ್ತದೆ, ವರ್ಷಗಟ್ಟಲೆ ಉಳಿಯುತ್ತದೆ. ಫೋನಿನಲ್ಲಿ ಹೇಳಿ, ವಾಪಸ್ ಬಂದ ದಿನ ಬದಲಿಸಿ.

ಇ-ವೇ ಬಿಲ್ ಪೋರ್ಟಲ್‌ನಲ್ಲೂ ಈಗ ಲಾಗಿನ್ ಆಗಲು ಒಟಿಪಿ ಬೇಕು. ಆದರೆ ಅಲ್ಲಿ ಒಳ್ಳೆಯ ಅನುಕೂಲವೊಂದಿದೆ, ಉಪ ಬಳಕೆದಾರರನ್ನು ಸೇರಿಸಬಹುದು. ಮಂಜುಗೆ ಅವನದೇ ಹೆಸರು, ಅವನದೇ ಮೊಬೈಲಿನ ಲಾಗಿನ್ ಮಾಡಿಸಿಟ್ಟಿದ್ದರೆ ಸವಿತಾಳ ಫೋನ್ ಎಲ್ಲಿದ್ದರೂ ಲಾರಿ ಹೊರಡುತ್ತದೆ. ಇದನ್ನು ಜ್ವರ ಬಂದ ದಿನ ಮಾಡಿಸಲು ಹೊರಡುವುದು ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ.

ಇನ್ನು ಕಾಯಿಲೆಯ ಬಗ್ಗೆ ಎಷ್ಟು ಬರೆಯಬೇಕು? ನನ್ನ ಅಭಿಪ್ರಾಯದಲ್ಲಿ ಒಂದೇ ವಾಕ್ಯ. ಕಣ್ಣಿನ ಹಿಂದಿನ ನೋವು ಡಾಕ್ಟರಿಗೆ ಬೇಕು, ಮ್ಯಾನೇಜರರಿಗೆ ಬೇಡ. ಕಾಯಿಲೆಯ ಹೆಸರು ಹೇಳಲು ಇಷ್ಟವಿಲ್ಲದಿದ್ದರೆ ‘ಅನಾರೋಗ್ಯ, ವೈದ್ಯರು ವಿಶ್ರಾಂತಿ ಹೇಳಿದ್ದಾರೆ’ ಎಂದರೂ ಸಾಕು. ಅವರಿಗೆ ಬೇಕಾಗಿರುವುದು ಎಷ್ಟು ದಿನ ಎಂಬುದು, ಮತ್ತು ಎಡವುವುದು ಅಲ್ಲೇ. ಡೆಂಗಿಯಲ್ಲಿ ಜ್ವರ ಇಳಿದ ಕೂಡಲೇ ಗುಣವಾಯಿತು ಎನ್ನುವಂತಿಲ್ಲ. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ, ಜ್ವರ ಇಳಿಯುವ ಹೊತ್ತಿಗೇ ಕೆಲವರಿಗೆ ಅಪಾಯದ ಘಟ್ಟ ಶುರುವಾಗುತ್ತದೆ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಓಡಬೇಕಾದ ಸಮಯ ಅದು. ಸವಿತಾಗೆ ಆ ಘಟ್ಟ ಬೀಳುವುದು ಹೆಚ್ಚುಕಡಿಮೆ ಗುರುವಾರದಿಂದ ಭಾನುವಾರದೊಳಗೆ. ಹಾಗಿರುವಾಗ ‘ಶುಕ್ರವಾರ ಬರುತ್ತೇನೆ’ ಎಂದು ಮಾತು ಕೊಡುವುದು ಮ್ಯಾನೇಜರರಿಗೂ ಮೋಸ, ತನಗೂ ಮೋಸ. ಬರುವ ದಿನ ಗೊತ್ತಿಲ್ಲದಿದ್ದಾಗ ಕೊಡಬಹುದಾದ ತಾರೀಖು ಇನ್ನೊಂದಿದೆ: ಮತ್ತೆ ಯಾವಾಗ ತಿಳಿಸುತ್ತೇನೆ ಎಂಬುದು.

ಇಷ್ಟನ್ನು ಇಟ್ಟುಕೊಂಡು ಸವಿತಾಳ ಮೇಲನ್ನು ಮತ್ತೆ ಬರೆದರೆ ಹೀಗೆ ಬರುತ್ತದೆ:

“ವಿಷಯ: ಸೆ. 10ರಿಂದ ಅನಾರೋಗ್ಯ ರಜೆ. ನಾಳೆಯ ಜಿಎಸ್‌ಟಿಆರ್-1 ಮಂಜು ಸಲ್ಲಿಸುತ್ತಾರೆ

ಸರ್, ನನಗೆ ಡೆಂಗಿ ಆಗಿದೆ. ಇವತ್ತಿನಿಂದ 14ರವರೆಗೆ ವೈದ್ಯರು ವಿಶ್ರಾಂತಿ ಹೇಳಿದ್ದಾರೆ. ಶುಕ್ರವಾರ ಮತ್ತೆ ರಕ್ತ ಪರೀಕ್ಷೆ ಇದೆ. ಯಾವಾಗ ಬರುತ್ತೇನೆಂದು ಅಂದು ಸಂಜೆ ತಿಳಿಸುತ್ತೇನೆ.

ನಾಳೆ (11): ಜಿಎಸ್‌ಟಿಆರ್-1. 47 ಬಿಲ್ಲುಗಳಲ್ಲಿ 46 ಹಾಕಿ ತಾಳೆ ನೋಡಿದ್ದೇನೆ. ಉಳಿದ ಒಂದು, ಆಗಸ್ಟ್ 30ರದ್ದು, ಮಂಜು ಹಾಕುತ್ತಾರೆ. ಹೊಸೂರಿನ ಕ್ರೆಡಿಟ್ ನೋಟಿಗೆ ಸ್ಟೋರ್ಸ್ ಲೆಕ್ಕ ನಾಳೆ 4 ಗಂಟೆಯೊಳಗೆ ಬಂದರೆ ಸೇರಿಸಲಿ, ಬಾರದಿದ್ದರೆ ಬಿಟ್ಟು ಸಲ್ಲಿಸಲಿ. ಅದನ್ನು ಮುಂದಿನ ತಿಂಗಳು ತೋರಿಸಬಹುದು. ಒಟಿಪಿ ನಿಮ್ಮ ಮೊಬೈಲಿಗೆ ಬರುತ್ತದೆ, ದಯವಿಟ್ಟು 5 ಗಂಟೆಗೆ ಫೋನ್ ಹತ್ತಿರ ಇರಲಿ.

ಶುಕ್ರವಾರ (12): ಕೊಯಮತ್ತೂರು ಲೋಡಿನ ಇ-ವೇ ಬಿಲ್ ಮಂಜು ತಮ್ಮ ಲಾಗಿನ್‌ನಲ್ಲೇ ಮಾಡುತ್ತಾರೆ.

ಸೋಮವಾರ (15): ಪಿಎಫ್, ಇಎಸ್‌ಐ ಚಲನ್ ತಯಾರಿದೆ. ಬ್ಯಾಂಕಿನಲ್ಲಿ ನಿಮ್ಮ ಒಪ್ಪಿಗೆ ಮಾತ್ರ ಬಾಕಿ.

ಮುಟ್ಟಬಾರದ್ದು: ಉಕ್ಕಿನವರ 86,400 ರೂ. ಬಿಲ್. ದರ ತಪ್ಪಿದೆ, ಅವರು ಕೇಳಿದರೂ ನಾನು ಬರುವವರೆಗೆ ಕೊಡಬೇಡಿ. 3ಬಿ 20ಕ್ಕೆ ಇದೆ, ಈಗ ಏನೂ ಮಾಡಬೇಕಿಲ್ಲ.

ಬೆಳಿಗ್ಗೆ ಮಂಜು ಜತೆ ಮಾತಾಡಿದ್ದೇನೆ, ಒಪ್ಪಿಕೊಂಡಿದ್ದಾರೆ. ಸಂಜೆ 6ಕ್ಕೆ ಒಮ್ಮೆ ಫೋನ್ ನೋಡುತ್ತೇನೆ. – ಸವಿತಾ”

ಮೊದಲಿನದಕ್ಕಿಂತ ಇದು ಉದ್ದ, ಆದರೂ ಓದಲು ಒಂದು ನಿಮಿಷ ಬೇಕಿಲ್ಲ. ಒಟಿಪಿ ಸಂಸ್ಥೆಯ ಪಾಲುದಾರರೂ ಆಗಿರುವ ಮ್ಯಾನೇಜರರ ಫೋನಿಗೇ ಬರುವಂತೆ ಇಲ್ಲಿ ಮೊದಲೇ ಮಾಡಿಟ್ಟಿದ್ದಾರೆ ಎಂಬುದನ್ನು ಗಮನಿಸಿ. ವಿಷಯದ ಸಾಲಿನಲ್ಲೇ ನಾಳೆಯ ಕೆಲಸದ ಹೆಸರಿದೆ. ಸ್ಕೂಟರ್ ನಿಲ್ಲಿಸಿ ಮೊಬೈಲ್ ನೋಡುವವರಿಗೆ ಮೊದಲು ಕಾಣುವುದು ಆ ಸಾಲು ಮಾತ್ರ. ‘ಮುಟ್ಟಬಾರದ್ದು’ ಎಂಬ ಭಾಗವನ್ನು ನಾನು ಬೇರೆಯವರ ಮೇಲುಗಳಲ್ಲಿ ಕಂಡದ್ದು ಬಹಳ ಅಪರೂಪ. ಒಳ್ಳೆಯ ಮನಸ್ಸಿನಿಂದ ಸಹಾಯಕ್ಕೆ ಬಂದವರು ಮಾಡುವ ಅನಾಹುತ ಇಂಥ ಕಡೆಯೇ ಆಗುವುದು. ಉಕ್ಕಿನವರು ಎರಡು ಸಲ ಫೋನ್ ಮಾಡಿದರೆ, ಪಾಪ, ಬಾಕಿ ಇರಬೇಕೆಂದು ಯಾರೋ ಚೆಕ್ ಬರೆದುಬಿಡುತ್ತಾರೆ. ಕೊಟ್ಟ ಮೇಲೆ ದರದ ಜಗಳಕ್ಕೆ ಹಲ್ಲಿರುವುದಿಲ್ಲ.

ಇದನ್ನು ಇಂಗ್ಲಿಷಿನಲ್ಲೇ ಬರೆಯುವ ಕಚೇರಿಗಳು ಹೆಚ್ಚು. ಭಾಷೆ ಯಾವುದಾದರೂ ಸಾಲುಗಳ ಕ್ರಮ ಇದೇ. ಫೋನಿನಲ್ಲಿ ಹೇಳಿದ ಮೇಲೂ ಮೇಲ್ ಏಕೆ ಎಂದರೆ, ರಜೆಯ ದಾಖಲೆ ಅದೇ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ವ್ಯಾಪ್ತಿಯ ಕಚೇರಿಗಳಲ್ಲಿ ಅನಾರೋಗ್ಯವೇ ಮೊದಲಾದ ಕಾರಣಗಳಿಗೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ನೌಕರರ ಹಕ್ಕು. ಹಾಗಾಗಿ ‘ದಯವಿಟ್ಟು ಕ್ಷಮಿಸಿ’ ಎಂದು ಎರಡೆರಡು ಸಲ ಬರೆಯಬೇಕಾಗಿಲ್ಲ. ಇಎಸ್‌ಐಗೆ ಸೇರಿದವರಿಗೆ ಮೇಲ್ ಮಾತ್ರ ಸಾಲದು. ಅನಾರೋಗ್ಯ ಭತ್ಯೆ ಬೇಕಿದ್ದರೆ ಇಎಸ್‌ಐ ಡಾಕ್ಟರರ ಪ್ರಮಾಣಪತ್ರ ಬೇಕು. ಭತ್ಯೆ ಕೂಲಿಯ ಶೇ 70ರಷ್ಟು, ವರ್ಷಕ್ಕೆ 91 ದಿನಗಳವರೆಗೆ.

ಕಾಯಿಲೆ ಜೋರಾಗಿ ಇಷ್ಟು ಬರೆಯುವ ಶಕ್ತಿಯೂ ಇಲ್ಲದ ದಿನಗಳಿರುತ್ತವೆ. ಆಗ ಗಂಡನೋ ಮಗಳೋ ಬರೆಯಲಿ, ಮೂರೇ ಮಾತು ಸಾಕು: ಬರಲಾಗುವುದಿಲ್ಲ, ನಾಳೆ ಇಂಥ ಕೆಲಸದ ಕೊನೆಯ ದಿನ, ಅದರ ಕಾಗದ ಇಂಥ ಕಡೆ ಇದೆ. ಉಳಿದದ್ದನ್ನು ಕಚೇರಿ ಹುಡುಕಿಕೊಳ್ಳುತ್ತದೆ.

ನನ್ನ ಅಪೆಂಡಿಕ್ಸ್ ಪ್ರಸಂಗದಲ್ಲಿ ರಿಟರ್ನ್ಸ್ ಎರಡು ದಿನ ತಡವಾಗಿ ಹೋಯಿತು. ಶುಲ್ಕ ನೂರು ರೂಪಾಯಿ, ಗಿರಾಕಿಯ ಕೋಪ ಎರಡು ತಿಂಗಳು. ವಾಪಸ್ ಹೋದ ದಿನವೇ ಸಹಿದಾರರ ಮೊಬೈಲ್ ನಂಬರ್ ಬದಲಿಸಿದೆವು. ಪೋರ್ಟಲ್‌ನಲ್ಲಿ ಅದು ಸಾಮಾನ್ಯ ತಿದ್ದುಪಡಿ, ಅಧಿಕಾರಿಗಳ ಒಪ್ಪಿಗೆಗೆ ಕಾಯಬೇಕಾಗಿಲ್ಲ. ನಿಮ್ಮ ಕಚೇರಿಯ ಒಟಿಪಿ ಯಾರ ಫೋನಿಗೆ ಬರುತ್ತದೆ? ಎಲ್ಲರೂ ಹುಷಾರಾಗಿರುವ ಈ ವಾರವೇ ಒಮ್ಮೆ ಕೇಳಿ ನೋಡಿ.